‘ಜೆನ್ಯೂನ್ ಲೆದರ್’ ಶೂ ಏಳೇ ತಿಂಗಳಿಗೆ ಸಿಪ್ಪೆ ಎದ್ದಿದೆ. ಫುಲ್ ಗ್ರೇನ್, ಟಾಪ್ ಗ್ರೇನ್ ಅಂತೆಲ್ಲ ಬರೆಯೋದನ್ನ ನಂಬಬಹುದಾ?

ಹೊಸನಗರ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಕಳೆದ ನವೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ 2,800 ರೂಪಾಯಿ ಕೊಟ್ಟು ಕಪ್ಪು ಶೂ ತಗೊಂಡೆ. ಒಳಗೆ ಹಿಮ್ಮಡಿ ಹತ್ತಿರ ಚಿನ್ನದ ಬಣ್ಣದಲ್ಲಿ ‘ಜೆನ್ಯೂನ್ ಲೆದರ್’ ಅಂತ ಅಚ್ಚು ಹಾಕಿದ್ದಾರೆ. ಈಗ ಜೂನ್. ನಡೆಯುವಾಗ ಬೆರಳ ಹತ್ತಿರ ಮಡಚುವ ಜಾಗ ಇದೆಯಲ್ಲ, ಅಲ್ಲಿ ಮೊದಲು ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತು. ಮಳೆ ಶುರುವಾಗಿ ಎರಡು ವಾರಕ್ಕೆ ಅಲ್ಲಿಂದ ಕಪ್ಪು ಪೊರೆ ಸಿಪ್ಪೆಯ ಹಾಗೆ ಏಳುತ್ತಿದೆ, ಉಗುರು ಹಾಕಿದರೆ ಇನ್ನಷ್ಟು ಬರುತ್ತದೆ. ಅಂಗಡಿಯವರನ್ನು ಕೇಳಿದರೆ “ಲೆದರ್ ಅಂತ ಹೇಳಿದ್ವಿ, ಲೆದರೇ ಕೊಟ್ಟಿದೀವಿ” ಅಂದರು. ನೆಟ್‌ನಲ್ಲಿ ನೋಡಿದರೆ ಫುಲ್ ಗ್ರೇನ್ ತಗೋಬೇಕಿತ್ತು, ಟಾಪ್ ಗ್ರೇನ್ ಆದರೂ ಪರವಾಗಿಲ್ಲ ಅಂತೆಲ್ಲ ಇದೆ. ಇನ್ನೊಂದು ಜೋಡಿ ತಗೊಳ್ಳುವ ಮೊದಲು ಇದು ಸರಿಯಾಗಿ ತಿಳಿಯಬೇಕು. ನಾನು ಮೋಸ ಹೋಗಿದ್ದೇನಾ, ಅಥವಾ ಅವರು ಹೇಳಿದ್ದು ನಿಜವಾ?

ಭದ್ರಾವತಿ ರೈಡರ್:
ಮೇಷ್ಟ್ರೇ, ಇದು ಸುಲಭ. ಮೂರು ಗ್ರೇಡ್ ಇದೆ. ಫುಲ್ ಗ್ರೇನ್ ಒಂದನೇ ನಂಬರ್, ಟಾಪ್ ಗ್ರೇನ್ ಎರಡನೇದು, ಜೆನ್ಯೂನ್ ಲೆದರ್ ಮೂರನೇದು, ಅಂದರೆ ಕೊನೇದು. ನಿಮಗೆ ಬಂದಿರೋದು ಮೂರನೇದೂ ಅಲ್ಲ, ರೆಕ್ಸಿನ್ ಅನ್ಸುತ್ತೆ. ಒಂದು ಚೂರು ಕತ್ತರಿಸಿ ಬೆಂಕಿ ಕಡ್ಡಿ ಹಚ್ಚಿ ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಚರ್ಮ, ಪ್ಲಾಸ್ಟಿಕ್ ವಾಸನೆ ಬಂದರೆ ರೆಕ್ಸಿನ್. ನಾನು ಬೈಕ್ ಜಾಕೆಟ್ ತಗೊಳ್ಳುವಾಗ ಹೀಗೇ ನೋಡಿದ್ದು.

ತುಂಗೆ ದಂಡೆ:
ಬೆಂಕಿ ಹಚ್ಚಬೇಡಿ ಸರ್, ಅದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗೋದಿಲ್ಲ. ನಾನು 14 ವರ್ಷ ಆಂಬೂರಿನ ಶೂ ಫ್ಯಾಕ್ಟರಿಯಲ್ಲಿ ಚರ್ಮ ವಿಂಗಡಿಸುವ ವಿಭಾಗದಲ್ಲಿದ್ದೆ, ಈಗ ತೀರ್ಥಹಳ್ಳಿಗೆ ವಾಪಸ್ ಬಂದಿದ್ದೇನೆ. ನಿಮ್ಮ ಶೂ ಹೆಚ್ಚುಕಡಿಮೆ ನಿಜವಾದ ಚರ್ಮವೇ ಇರಬಹುದು. ಸುಟ್ಟರೆ ಕೂದಲಿನ ವಾಸನೆಯೇ ಬರುತ್ತದೆ. ತೊಂದರೆ ಇರೋದು ಅದು ಚರ್ಮದ ಯಾವ ಭಾಗ, ಅದರ ಮೇಲೆ ಏನು ಬಳಿದಿದ್ದಾರೆ ಅನ್ನೋದರಲ್ಲಿ.

ಹೇಗಿದ್ದರೂ ಆ ಶೂ ಹಾಳಾಗಿದೆ ಅಲ್ವಾ? ಬ್ಲೇಡಿನಲ್ಲಿ ಸಿಪ್ಪೆ ಎದ್ದ ಜಾಗದಿಂದ ಅರ್ಧ ಇಂಚಿನ ಚೂರು ಕತ್ತರಿಸಿ. ಬೆಳಕಿನಲ್ಲಿ ಹಿಡಿದು ನೋಡಿ ನನಗೆ ಮೂರು ವಿಷಯ ಹೇಳಿ. ಕಪ್ಪು ಪೊರೆ ಪೂರ್ತಿ ಎದ್ದು ಬಂದಾಗ ಅದರ ಕೆಳಗೆ ನುಣುಪಾಗಿದೆಯಾ, ಜುಂಗು ಜುಂಗಾಗಿದೆಯಾ? ಚೂರಿನ ಹಿಂಭಾಗ ಹೇಗಿದೆ? ಕತ್ತರಿಸಿದ ಅಂಚಿನಲ್ಲಿ ಒಳಗಿನ ಬಣ್ಣ ಯಾವುದು?

ಹೊಸನಗರ ಮೇಷ್ಟ್ರು:
ಮಧ್ಯಾಹ್ನ ಸ್ಟಾಫ್ ರೂಮಿನಲ್ಲೇ ಕತ್ತರಿಸಿದೆ ಅಕ್ಕ. ಕಪ್ಪು ಪೊರೆ ಒಂದೇ ಹಾಳೆಯ ಹಾಗೆ ಬಂತು, ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಕೆಳಗೆ ಜುಂಗು. ಹತ್ತಿಯನ್ನು ಒತ್ತಿ ಇಟ್ಟ ಹಾಗಿದೆ. ಹಿಂಭಾಗವೂ ಅದೇ ಥರ ಜುಂಗು, ಎರಡೂ ಕಡೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಅಂಚಿನಲ್ಲಿ ಮಧ್ಯದ ಬಣ್ಣ ತಿಳಿ ನೀಲಿ, ಬೂದಿ ಬೆರೆತ ಹಾಗೆ. ಪೊರೆಯನ್ನು ನೋಟ್‌ಬುಕ್ಕಿನ ಹಾಳೆಗಳ ಪಕ್ಕ ಹಿಡಿದೆ. ಮೂರು ಹಾಳೆ ಸೇರಿಸಿದಷ್ಟು ದಪ್ಪ ಇದೆ.

ತುಂಗೆ ದಂಡೆ:
ಹಾಗಾದರೆ ಗೊತ್ತಾಯ್ತು. ಅದು ಸ್ಪ್ಲಿಟ್, ಮೇಲೆ ಪಿಯು ಅನ್ನೋ ಪ್ಲಾಸ್ಟಿಕ್ಕಿನ ಪೊರೆ ಅಂಟಿಸಿದ್ದು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ದೊಡ್ಡ ದನದ ಚರ್ಮ ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಶೂ ಮೇಲ್ಭಾಗಕ್ಕೆ ಒಂದೂವರೆ ಮಿಲಿಮೀಟರ್ ಆಸುಪಾಸು ಸಾಕು. ಅದಕ್ಕೆ ಚರ್ಮವನ್ನು ಯಂತ್ರದ ಪಟ್ಟಿ ಬ್ಲೇಡಿನಲ್ಲಿ ಅಡ್ಡಡ್ಡ ಸೀಳುತ್ತಾರೆ. ಕೂದಲಿದ್ದ ಬದಿಯ ಹಾಳೆ ಒಂದು, ಮಾಂಸದ ಬದಿಯ ಹಾಳೆ ಇನ್ನೊಂದು, ಅದೇ ಸ್ಪ್ಲಿಟ್. ನಮ್ಮ ಕಡೆಯವರಿಗೆ ಅಡಿಕೆ ಮರ ಗೊತ್ತಲ್ಲ. ಹೊರಗಿನ ದಬ್ಬೆಯಲ್ಲಿ ನಾರು ಒತ್ತಾಗಿರುತ್ತದೆ, ಒಳಗೆ ಹೋದ ಹಾಗೆ ಸಡಿಲ. ಚರ್ಮದಲ್ಲೂ ಕೂದಲ ಬದಿಯ ಎಳೆಗಳು ಸಣ್ಣ, ಒತ್ತೊತ್ತು. ಕೆಳಗಿನ ಎಳೆಗಳು ದಪ್ಪ, ಅವುಗಳ ನಡುವೆ ಸಂದು ಜಾಸ್ತಿ. ಆದರೆ ಅಡಿಕೆ ಮರದ ಹೋಲಿಕೆಯನ್ನು ಪೂರ್ತಿ ಎಳೆಯಬೇಡಿ. ಚರ್ಮದ ಕೆಳಗಿನ ದಪ್ಪ ಎಳೆಗಳು ತಿರುಳಿನ ಹಾಗೆ ಕೆಲಸಕ್ಕೆ ಬಾರದ್ದಲ್ಲ, ಹರಿಯದೆ ತಡೆಯುವ ಶಕ್ತಿ ಬಹುಪಾಲು ಅವುಗಳಲ್ಲೇ ಇದೆ. ಮೇಲಿನ ಒತ್ತು ಪದರ ಅವನ್ನೆಲ್ಲ ಹಿಡಿದು, ಬಗ್ಗಿದಾಗ ಮೇಲ್ಮೈ ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಎರಡೂ ಒಟ್ಟಿಗಿದ್ದರೆ ಶೂ ಬಾಳುತ್ತದೆ.

ನಿಮ್ಮ ಚೂರಿನಲ್ಲಿ ಎರಡೂ ಬದಿ ಜುಂಗು, ಅಂದರೆ ಕೂದಲ ಬದಿ ಇಲ್ಲವೇ ಇಲ್ಲ. ಜುಂಗಿನ ಮೇಲೆ ಸುಮ್ನೆ ಬಣ್ಣ ಬಳಿದರೆ ನಿಲ್ಲೋದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಪೊರೆಯನ್ನೇ ಅಂಟಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಚರ್ಮದ ಗೆರೆ ಮೂಡಿಸುತ್ತಾರೆ. ನೀಲಿ ಬಣ್ಣ ಕಂಡು ಗಾಬರಿ ಬೇಡ, ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಚರ್ಮ ಮೊದಲು ಇರೋದೇ ಹಾಗೆ. ಒಳ್ಳೆಯ ಶೂ ಚರ್ಮವನ್ನು ಆಮೇಲೆ ಡ್ರಮ್ಮಿನಲ್ಲಿ ತಿರುಗಿಸಿ ಒಳಗಿನ ತನಕ ಬಣ್ಣ ಕುಡಿಸುತ್ತಾರೆ. ನಿಮ್ಮದರಲ್ಲಿ ಪೊರೆ ಹೇಗೂ ಮುಚ್ಚುತ್ತದೆ ಅಂತ ಆ ಖರ್ಚನ್ನು ಬಿಟ್ಟಿದ್ದಾರೆ.

ಇನ್ನು ಸಿಪ್ಪೆ ಎದ್ದಿದ್ದು. ಮಡಚುವ ಜಾಗದಲ್ಲಿ ಚರ್ಮ ಒಂದು ರೀತಿ ಹಿಗ್ಗುತ್ತದೆ, ಪೊರೆ ಇನ್ನೊಂದು ರೀತಿ. ಹೆಜ್ಜೆ ಹೆಜ್ಜೆಗೂ ಅಂಟು ಎಳೆದಾಡಿಕೊಂಡು ಕೊನೆಗೆ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಮಳೆ ನೀರು ಇಳಿದು ಜುಂಗಿನಲ್ಲಿ ನಿಂತರೆ ಅಂಟು ಪೂರ್ತಿ ಬಿಡುತ್ತದೆ. ನಿಮಗೆ ಎರಡೇ ವಾರಕ್ಕೆ ಆಗಿದ್ದು ಅದಕ್ಕೇ.

ಭದ್ರಾವತಿ ರೈಡರ್:
ಸರಿ ಅಕ್ಕ, ರೆಕ್ಸಿನ್ ಅಂದಿದ್ದು ನನ್ನ ತಪ್ಪು. ಆದರೆ ಗ್ರೇಡ್ ವಿಷಯ ನಾನು ಹೇಳಿದ್ದೇ ಆಯ್ತಲ್ಲ, ಜೆನ್ಯೂನ್ ಅಂದರೆ ಮೂರನೇ ದರ್ಜೆ.

ತುಂಗೆ ದಂಡೆ:
ಇಲ್ಲ, ಅಲ್ಲೇ ಎಲ್ಲರೂ ಎಡವೋದು. ಜೆನ್ಯೂನ್ ಲೆದರ್ ಅನ್ನೋದು ದರ್ಜೆಯ ಹೆಸರೇ ಅಲ್ಲ. ಪ್ರಾಣಿಯ ಚರ್ಮ ಇದೆ ಅಂತ ಹೇಳುತ್ತದೆ, ಅಷ್ಟೇ. ಫುಲ್ ಗ್ರೇನಿನ ಮೇಲೂ ಆ ಅಚ್ಚು ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ಹೇಳಿಕೊಳ್ಳೋಕೆ ಅದಕ್ಕಿಂತ ಒಳ್ಳೆಯದು ಇದ್ದರೆ ಕಂಪನಿಯವರು ಅದನ್ನೇ ಬರೆಯುತ್ತಿದ್ದರು ಅನ್ನೋ ಅನುಮಾನ ಮಾತ್ರ ನ್ಯಾಯವಾದದ್ದು.

ಟಾಪ್ ಗ್ರೇನ್ ಅನ್ನೋದಕ್ಕೂ ಎರಡು ಅರ್ಥ ಓಡಾಡುತ್ತಿದೆ. ನಾವು ಕೆಲಸದಲ್ಲಿ ಹೇಳುವಾಗ ಸೀಳಿದ ಮೇಲಿನ ಹಾಳೆ ಪೂರ್ತಿ ಟಾಪ್ ಗ್ರೇನ್, ಮೇಲ್ಮೈಯನ್ನು ಉಜ್ಜದೆ ಹಾಗೇ ಬಿಟ್ಟ ಫುಲ್ ಗ್ರೇನೂ ಅದರೊಳಗೇ ಬರುತ್ತದೆ. ಅಂಗಡಿಯ ಮಾತಿನಲ್ಲಿ ಮೇಲ್ಮೈಯನ್ನು ಉಜ್ಜಿ ತೆಳ್ಳಗೆ ಸವೆಸಿದ್ದಕ್ಕೆ ಟಾಪ್ ಗ್ರೇನ್ ಅಂತಾರೆ. ನಾವು ಅದನ್ನು ಕರೆಕ್ಟೆಡ್ ಗ್ರೇನ್ ಅನ್ನುತ್ತಿದ್ದೆವು. ಯಾಕೆ ಉಜ್ಜುತ್ತಾರೆ ಅಂದರೆ, ನಮ್ಮ ದನ ಕಾಡು ಗುಡ್ಡ ಅಲೆದು ಮೇಯ್ದು ಬೆಳೆದದ್ದು. ಉಣುಗು ಕಚ್ಚಿದ ಚುಕ್ಕೆ, ಮುಳ್ಳು ಗೀರಿದ ಗೆರೆ, ಬರೆ ಹಾಕಿದ ಗುರುತು ಎಲ್ಲ ಚರ್ಮದಲ್ಲಿ ಉಳಿದಿರುತ್ತದೆ. ಅದನ್ನು ಮರೆಸೋಕೆ ಮರಳು ಕಾಗದದಲ್ಲಿ ಸವೆಸಿ, ಬಣ್ಣದ ಪದರ ಹಾಕಿ, ಗೆರೆ ಒತ್ತುತ್ತಾರೆ. ಮೇಷ್ಟ್ರ ಶೂ ಈ ಥರದ್ದಾಗಿದ್ದರೆ ಬಣ್ಣ ಹೋದ ಮೇಲೂ ಕೆಳಗೆ ಒತ್ತಾದ ಮೇಲ್ಮೈ ಸಿಗುತ್ತಿತ್ತು, ಹಿಂಭಾಗ ಮಾತ್ರ ಜುಂಗು ಇರುತ್ತಿತ್ತು.

ಇನ್ನೊಂದು. ನುಬಕ್ ಅಂತ ಮೆತ್ತಗಿನ ಶೂ ಬರುತ್ತದಲ್ಲ, ಅದೂ ಕೂದಲ ಬದಿಯನ್ನು ಹಗುರವಾಗಿ ಉಜ್ಜಿ ಮಾಡಿದ್ದೇ, ಅದಕ್ಕೆ ಒಳ್ಳೆಯ ಚರ್ಮವೇ ಬೇಕು. ಸ್ಪ್ಲಿಟ್ಟಿನಿಂದ ಮಾಡಿದ ಸ್ವೇಡ್ ಕೂಡ ಚೆನ್ನಾಗಿ ಬಾಳುತ್ತದೆ. ಅಲ್ಲಿ ಜುಂಗನ್ನು ಮುಚ್ಚಿಡೋದಿಲ್ಲ, ಸಿಪ್ಪೆ ಏಳೋಕೆ ಪೊರೆಯೇ ಇಲ್ಲ. ಹಾಗಾಗಿ ಒಂದು ಎರಡು ಮೂರು ಅಂತ ಏಣಿ ಹಾಕಿದರೆ ಲೆಕ್ಕ ತಪ್ಪುತ್ತದೆ.

ಸಾಗರದ ಸುಮಕ್ಕ:
ನಮ್ಮನೇಲೂ ಇದೇ ಗೋಳು. ಮಳೆಗಾಲದಲ್ಲಿ ಯಜಮಾನರ ಚರ್ಮದ ಚಪ್ಪಲಿ, ಶೂ ಎಲ್ಲ ಬೂಸ್ಟು ಹಿಡಿದು ಬೆಳ್ಳಗಾಗುತ್ತೆ. ಬಚ್ಚಲ ಒಲೆ ಪಕ್ಕ ಇಟ್ಟು ಒಣಗಿಸಿದ್ರೆ ಕಟ್ಟಿಗೆ ಹಾಗೆ ಗಟ್ಟಿ ಆಯ್ತು. ಫುಲ್ ಗ್ರೇನ್ ತಗೊಂಡರೆ ಬೂಸ್ಟು ಬರಲ್ವಾ?

ತುಂಗೆ ದಂಡೆ:
ಸುಮಕ್ಕ, ಬೂಸ್ಟು ಫುಲ್ ಗ್ರೇನಿಗೇ ಬೇಗ ಬರೋದು. ಅದರ ಮೇಲೆ ದಪ್ಪ ಪೊರೆ ಇಲ್ಲ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಳಗಿರುವ ಎಣ್ಣೆ, ಕೊಬ್ಬು ಬೂಸ್ಟಿಗೆ ಊಟ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಪೇಪರ್ ತುರುಕಿ, ಗಾಳಿ ಆಡುವ ಕಡೆ ನೆರಳಲ್ಲಿ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಾಯಿಸಿ. ಒಲೆ ಹತ್ತಿರ ಮಾತ್ರ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಎಳೆಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತೊಗಟೆಯಲ್ಲಿ ಹದ ಮಾಡಿದ ಚಪ್ಪಲಿಯ ಚರ್ಮ ಇನ್ನೂ ಬೇಗ. ಒಮ್ಮೆ ಹಾಗಾದರೆ ಎಷ್ಟು ಎಣ್ಣೆ ಹಚ್ಚಿದರೂ ಮೊದಲಿನ ಹಾಗೆ ಆಗೋದಿಲ್ಲ.

ಖಾಕಿ ನೆನಪು:
ನಾನು ಇಲಾಖೆಯಲ್ಲಿ 26 ವರ್ಷ ಇದ್ದೆ. ಅದರಲ್ಲಿ ಆರು ವರ್ಷ ಆಗುಂಬೆ ಕಡೆ. ಅಲ್ಲಿಯ ಮಳೆ ನಿಮಗೆಲ್ಲ ಗೊತ್ತಲ್ಲ. ಈ ಅಕ್ಕ ಹೇಳಿದ ಕರೆಕ್ಟೆಡ್ ಗ್ರೇನ್ ಬೂಟನ್ನೇ ನಾವು ಹಾಕಿದ್ದು ಅಂತ ಈಗ ತಿಳೀತು. ನುಣುಪು ಕಪ್ಪು, ಕೆಸರು ಮೆತ್ತಿದರೆ ಒರೆಸಿದರೆ ಹೋಗುತ್ತಿತ್ತು, ಪಾಲಿಶ್ ಚೆನ್ನಾಗಿ ಕೂರುತ್ತಿತ್ತು. ಒಂದು ಜೋಡಿ ನಾಲ್ಕು ವರ್ಷ ಬಂದಿದೆ. ಮಡಚುವಲ್ಲಿ ಗೆರೆ ಬಿತ್ತು, ಆದರೆ ಸಿಪ್ಪೆ ಎದ್ದಿಲ್ಲ. ಮಳೆಗಾಲದಲ್ಲಿ ದಿನಾ ಹಾಕೋಕೆ ಫುಲ್ ಗ್ರೇನ್ ಯಾಕೆ ಬೇಕು ಅಂತ ನನಗೆ ಅರ್ಥ ಆಗೋದಿಲ್ಲ. ದುಡ್ಡು ದಂಡ.

ತುಂಗೆ ದಂಡೆ:
ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ಸರ್. ಕೆಸರಿನಲ್ಲಿ ಓಡಾಡುವವರಿಗೆ ತೆಳು ಬಣ್ಣದ ಪದರ ಇದ್ದ ಗಟ್ಟಿ ಚರ್ಮ ಒಳ್ಳೆಯದೇ. ಪದರ ಎಷ್ಟು ದಪ್ಪ ಅನ್ನೋದರ ಮೇಲೆ ಎಲ್ಲ ನಿಂತಿದೆ. ನಾವು ಯೂರೋಪಿಗೆ ಕಳಿಸುವ ಶೂಗಳಿಗೆ ಸಣ್ಣ ಚಿತ್ರಗಳ ಸ್ಟಿಕರ್ ಅಂಟಿಸುತ್ತಿದ್ದೆವು. ಅಲ್ಲಿ 1994ರ ನಿಯಮ ಒಂದಿದೆ. ಮೇಲ್ಭಾಗ, ಒಳ ಲೈನಿಂಗ್, ಅಟ್ಟೆ, ಮೂರಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ಹರಡಿದ ಚರ್ಮದ ಚಿತ್ರ ಇದ್ದರೆ ಚರ್ಮ. ಆ ಚಿತ್ರದ ಒಳಗೆ ವಜ್ರದ ಆಕಾರದ ಚೌಕ ಇದ್ದರೆ ಪೊರೆ ಹಾಕಿದ ಚರ್ಮ, ಅಂದರೆ ಪೊರೆ 0.15 ಮಿಲಿಮೀಟರಿಗಿಂತ ದಪ್ಪ. ಬರೀ ಚೌಕ ಇದ್ದರೆ ಪ್ಲಾಸ್ಟಿಕ್, ರಬ್ಬರ್ ಥರದ್ದು. ಮೇಷ್ಟ್ರ ಪೊರೆ ಮೂರು ಹಾಳೆ ದಪ್ಪ ಅಂದರಲ್ಲ, ಒಂದು ಹಾಳೆ 0.1ಕ್ಕಿಂತ ಸ್ವಲ್ಪ ಕಡಿಮೆ ಅಂತ ಹಿಡಿದರೂ ಕಾಲು ಮಿಲಿಮೀಟರ್ ಹತ್ತಿರ ಬಂತು. ಅಲ್ಲಾಗಿದ್ದರೆ ಬರೀ ಚರ್ಮದ ಚಿತ್ರ ಹಾಕೋ ಹಾಗಿರಲಿಲ್ಲ. ಇಲ್ಲಿಯ ಅಂಗಡಿಯಲ್ಲೂ ಕೆಲವು ಡಬ್ಬಿಗಳ ಮೇಲೆ ಈ ಚಿತ್ರ ಇರುತ್ತದೆ. ‘ಜೆನ್ಯೂನ್’ ಅಚ್ಚಿಗಿಂತ ನಾನು ಅದನ್ನೇ ಮೊದಲು ಹುಡುಕುತ್ತೇನೆ.

ಅಟ್ಟೆ ಹೊಲಿಗೆ:
ನಾನು ಶಿವಮೊಗ್ಗದಲ್ಲಿ ರಿಪೇರಿ ಮಾಡ್ತೀನಿ, ಅಪ್ಪನ ಕಾಲದಿಂದ ಇದೇ ಕೆಲಸ. ಅಕ್ಕ ಹೇಳಿದ್ದು ಎಲ್ಲ ಸರಿ, ಆದರೆ ನನ್ನ ಹತ್ತಿರ ಬರೋ ಶೂಗಳಲ್ಲಿ ಮೇಲಿನ ಚರ್ಮ ಚೆನ್ನಾಗಿದ್ದು ಅಟ್ಟೆ ಸತ್ತಿರೋದೇ ಜಾಸ್ತಿ. ಫುಲ್ ಗ್ರೇನ್ ಅಂತ ಬರೆದಿರೋದು ಮೇಲ್ಭಾಗಕ್ಕೆ ಮಾತ್ರ. ಪಾದದ ಕೆಳಗಿನ ಒಳ ಅಟ್ಟೆ ರಟ್ಟಿನದ್ದಿದ್ದರೆ ನಾಲ್ಕು ಸಲ ನೆನೆದು ಪದರ ಪದರ ಆಗುತ್ತೆ. ಮದುವೆಗೆ ತಗೊಂಡ ದುಬಾರಿ ಶೂ ನಾಲ್ಕೈದು ವರ್ಷ ಡಬ್ಬಿಯಲ್ಲೇ ಇಟ್ಟು, ಒಂದು ದಿನ ಹಾಕಿದರೆ ಅಟ್ಟೆ ಬೆಲ್ಲದ ಹಾಗೆ ಪುಡಿ ಪುಡಿ. ಅದು ಪಿಯು ಅಟ್ಟೆ. ನಮ್ಮ ಕಡೆ ತೇವಕ್ಕೆ ಹಾಕದೆ ಇಟ್ಟರೂ ಹಾಳಾಗುತ್ತೆ. ರಬ್ಬರ್ ಅಟ್ಟೆ ಹಾಗೆ ಪುಡಿ ಆಗಿದ್ದು ನಾನು ನೋಡಿಲ್ಲ. ಮೇಷ್ಟ್ರ ಶೂಗೆ ಪೊರೆ ಮತ್ತೆ ಅಂಟಿಸಿ ಕೊಡಿ ಅಂದ್ರೆ ನಾನು ಮಾಡಲ್ಲ, ದುಡ್ಡು ತಗೊಂಡ ಪಾಪ ಬರುತ್ತೆ. ಮತ್ತೆ ಮಡಚಿದ ಕೂಡಲೇ ಏಳುತ್ತೆ.

ಹೊಸನಗರ ಮೇಷ್ಟ್ರು:
ಇಷ್ಟೆಲ್ಲ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಭಾನುವಾರ ಶಿವಮೊಗ್ಗಕ್ಕೆ ಹೋಗಬೇಕು. ಅಂಗಡಿಯಲ್ಲಿ ಬ್ಲೇಡ್ ಹಾಕೋಕೆ ಆಗೋದಿಲ್ಲವಲ್ಲ, ಹೊಸ ಶೂನಲ್ಲಿ ಏನು ನೋಡಲಿ?

ಭದ್ರಾವತಿ ರೈಡರ್:
ಒಂದು ಹನಿ ನೀರು ಹಾಕಿ ಮೇಷ್ಟ್ರೇ. ಹೀರಿಕೊಂಡರೆ ಫುಲ್ ಗ್ರೇನ್.

ತುಂಗೆ ದಂಡೆ:
ಹನಿ ನೀರನ್ನು ಪೂರ್ತಿ ನಂಬಬೇಡಿ. ಮೇಣ ಹಚ್ಚಿದ ಒಳ್ಳೆಯ ಚರ್ಮದ ಮೇಲೂ ಹನಿ ಜಾರುತ್ತದೆ. ಹೀರಿಕೊಂಡರೆ ಮೇಲೆ ದಪ್ಪ ಪೊರೆ ಇಲ್ಲ ಅಂತ ತಿಳಿಯುತ್ತದೆ, ಹೀರದಿದ್ದರೆ ಏನೂ ತಿಳಿಯೋದಿಲ್ಲ. ಅಂಗಡಿಯವರೂ ಸಿಟ್ಟಾಗುತ್ತಾರೆ.

ನಾನಾದರೆ ಎರಡು ಕೆಲಸ ಮಾಡುತ್ತೇನೆ. ಎಡ ಬಲ ಶೂಗಳನ್ನು ಪಕ್ಕಪಕ್ಕ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡುತ್ತೇನೆ. ಕೂದಲ ತೂತುಗಳು ನಿಜವಾದರೆ ಒಂದು ಕಡೆ ಒತ್ತು, ಒಂದು ಕಡೆ ಬಿಡಿ, ಎಡದ ಹಾಗೆ ಬಲ ಇರೋದಿಲ್ಲ. ಅಚ್ಚಿನಲ್ಲಿ ಒತ್ತಿದ್ದಾದರೆ ಅದೇ ಗೆರೆ, ಅದೇ ಚುಕ್ಕೆ ಸ್ವಲ್ಪ ದೂರಕ್ಕೆ ಮತ್ತೆ ಬರುತ್ತದೆ. ಆಮೇಲೆ ಶೂ ಹಾಕಿಕೊಂಡು ಹಿಮ್ಮಡಿ ಎತ್ತಿ ಬೆರಳ ಹತ್ತಿರ ಮಡಚಿ. ಅಕ್ಕಿ ರೊಟ್ಟಿ ಅಂಚಿನ ಹಾಗೆ ಸಣ್ಣ ಸಣ್ಣ ಒತ್ತು ಗೆರೆ ಬಿದ್ದು, ಕಾಲು ಇಳಿಸಿದಾಗ ಮಾಯವಾಗಬೇಕು. ದೊಡ್ಡ ದೊಡ್ಡ ಮಡಿಕೆ ಉಬ್ಬಿ ನಿಂತರೆ ಬಿಡಿ.

ಆ ಮಡಿಕೆ ಫುಲ್ ಗ್ರೇನಿನಲ್ಲೂ ಬರಬಹುದು, ಇದನ್ನು ಯಾವ ಅಚ್ಚೂ ಹೇಳೋದಿಲ್ಲ. ಬೆನ್ನಿನ ಕಡೆಯ ಚರ್ಮ ಗಟ್ಟಿ, ಹೊಟ್ಟೆಯ ಕಡೆಯದ್ದು ಸಡಿಲ. ಅಲ್ಲಿ ಮೇಲಿನ ಪದರ ಕೆಳಗಿನದರಿಂದ ಬಿಟ್ಟ ಹಾಗಿರುತ್ತದೆ. ಒಂದೇ ದನದ ಒಂದೇ ಹಾಳೆ, ಎರಡೂ ಫುಲ್ ಗ್ರೇನೇ. ನಮ್ಮ ಕಟಿಂಗ್ ಟೇಬಲ್ಲಿನಲ್ಲಿ ಶೂ ಮುಂಭಾಗವನ್ನು ಬೆನ್ನಿನಿಂದ ತೆಗೆದು, ನಾಲಿಗೆ, ಒಳ ಪಟ್ಟಿ ಇಂಥದ್ದನ್ನು ಹೊಟ್ಟೆಯಿಂದ ತೆಗೆಯುತ್ತಿದ್ದೆವು. ಒಂದು ಇಂಚೂ ದಂಡ ಮಾಡಬೇಡಿ ಅಂತ ಮೇಲಿನವರು ಒತ್ತಾಯ ಮಾಡಿದಾಗ ಮುಂಭಾಗವೂ ಹೊಟ್ಟೆಯ ಕಡೆಗೆ ಜಾರುತ್ತಿತ್ತು. ಅದಕ್ಕೇ ನಾಲಿಗೆಯ ಅಂಚು ನೋಡಿ ಇಡೀ ಶೂ ಅಳೆಯಬೇಡಿ, ಮುಂಭಾಗವನ್ನೇ ನೋಡಿ.

ಹೊಸನಗರ ಮೇಷ್ಟ್ರು:
ಹೋಗಿ ಬಂದೆ. ನೆಹರು ರೋಡ್, ದುರ್ಗಿಗುಡಿ ಎರಡೂ ಕಡೆ ಸುತ್ತಿದೆ. ಒಂದು ಕಡೆ ‘ಫುಲ್ ಗ್ರೇನ್’ ಅಂತ ಬರೆದ ಕಂದು ಶೂ 6,200 ರೂಪಾಯಿ. ತೂತುಗಳು ಎಡ ಬಲ ಬೇರೆ ಬೇರೆ ಇದ್ದವು, ಖುಷಿಯಾಯ್ತು. ಹಾಕಿ ಮಡಚಿದರೆ ಬಲದಲ್ಲಿ ಸಣ್ಣ ಗೆರೆ, ಎಡದಲ್ಲಿ ಬೆರಳು ದಪ್ಪದ ಎರಡು ಮಡಿಕೆ. ಅಕ್ಕ ಹೇಳಿದ ಹೊಟ್ಟೆ ಚರ್ಮ ಇದೇ ಅಂತ ಆಗಲೇ ಅರ್ಥವಾಯ್ತು. ಅದೇ ಅಳತೆಯ ಇನ್ನೊಂದು ಜೋಡಿ ಅವರಲ್ಲಿ ಇರಲಿಲ್ಲ, ಬಿಟ್ಟು ಬಂದೆ.

ಇನ್ನೊಂದು ಅಂಗಡಿಯಲ್ಲಿ 3,400ರ ಕಪ್ಪು ಶೂ. ಫುಲ್, ಟಾಪ್ ಅಂತ ಏನೂ ಬರೆದಿಲ್ಲ. ಡಬ್ಬಿಯ ಮೇಲೆ ಆ ಮೂರು ಚಿತ್ರ ಇತ್ತು. ಮೇಲ್ಭಾಗಕ್ಕೆ ಬರೀ ಚರ್ಮದ ಚಿತ್ರ, ಚೌಕ ಇಲ್ಲ. ಗೆರೆ ನೋಡಿದರೆ ಅಚ್ಚಿನದ್ದೇ, ಅದೇ ಚುಕ್ಕೆ ಮತ್ತೆ ಮತ್ತೆ ಬರುತ್ತಿತ್ತು. ಅಂದರೆ ಉಜ್ಜಿದ್ದು ಅಂತ ಲೆಕ್ಕ ಹಾಕಿದೆ. ಮಡಚಿದರೆ ಎರಡರಲ್ಲೂ ಸಣ್ಣ ಗೆರೆ, ಕಾಲು ಇಳಿಸಿದರೆ ಹೋಗುತ್ತಿತ್ತು. ಖಾಕಿ ನೆನಪು ಸರ್ ಮಾತು ನೆನಪಾಗಿ ಅದನ್ನೇ ತಗೊಂಡೆ. ಅಟ್ಟೆಗೆ ಬರೀ ಚೌಕದ ಚಿತ್ರ ಇದೆ. ರಬ್ಬರಾ ಪಿಯುನಾ ಅಂತ ಅಂಗಡಿ ಹುಡುಗನಿಗೂ ಗೊತ್ತಿಲ್ಲ.

ಭದ್ರಾವತಿ ರೈಡರ್:
ಮೇಷ್ಟ್ರೇ, ನಾನಾಗಿದ್ದರೆ ಇನ್ನೊಂದು ಊರಿನಲ್ಲಾದರೂ ಆ ಫುಲ್ ಗ್ರೇನ್ ಹುಡುಕುತ್ತಿದ್ದೆ. ಎಂಟು ವರ್ಷ ಬರುತ್ತೆ ಅಂದರೆ 6,200 ಜಾಸ್ತಿ ಏನಲ್ಲ.

ಖಾಕಿ ನೆನಪು:
ಮಳೆಗಾಲ ಮುಗಿದ ಮೇಲೆ ಹುಡುಕಲಿ ಬಿಡಿ. ಈಗ ತಗೊಂಡಿದ್ದು ಸರಿಯಾಗಿದೆ.

ಅಟ್ಟೆ ಹೊಲಿಗೆ:
ಮೇಷ್ಟ್ರೇ, ಶೂ ಕೈಯಲ್ಲಿ ಎತ್ತಿ ನೋಡಿ. ಅಟ್ಟೆ ದಪ್ಪ ಇದ್ದೂ ತೀರಾ ಹಗುರ ಇದ್ದರೆ ಪಿಯು ಇರಬಹುದು. ಹಿಮ್ಮಡಿ ಮೂಲೆ ಸ್ವಲ್ಪ ಸವೆದ ಮೇಲೆ ಒಳಗೆ ಸಣ್ಣ ಸಣ್ಣ ಗುಳ್ಳೆ ಕಂಡರೆ ಅನುಮಾನ ಇನ್ನೂ ಗಟ್ಟಿ. ಹಾಗಿದ್ದರೆ ಡಬ್ಬಿಯಲ್ಲಿ ಇಡಬೇಡಿ, ಹಾಕ್ತಾ ಇರಿ. ಅಟ್ಟೆ ಹೋದರೂ ಮೇಲ್ಭಾಗ ಚೆನ್ನಾಗಿದ್ದರೆ ರಬ್ಬರ್ ಅಟ್ಟೆ ಅಂಟಿಸಿ ಸುತ್ತಲೂ ಹೊಲಿಗೆ ಹಾಕಿ ಕೊಡ್ತೀನಿ. ಈ ಕಡೆ ಬಂದಾಗ ತನ್ನಿ, ನೋಡೋಣ.